ಅಜ್ಜಿ ನಾಲ್ಕು ಸಲ ಬಂದರು: ಒಂದು ಕೆವೈಸಿ ತರಬೇತಿ ಪಿಪಿಟಿಯ ಪ್ರಕರಣ ಅಧ್ಯಯನ

2025ರ ಜನವರಿಯಲ್ಲಿ ದಾವಣಗೆರೆಯ ನಮ್ಮ ಶಾಖೆಗೆ ಮೂರು ಜನ ಹೊಸ ಕ್ಲರ್ಕ್‌ಗಳು ಬಂದರು. ಅವರಿಗೆ ಕೆವೈಸಿ ನವೀಕರಣದ ಕೆಲಸ ಹೇಳಿಕೊಡುವ ಜವಾಬ್ದಾರಿ ನನ್ನದು. ಕೌಂಟರ್ ಭಾಷೆಯಲ್ಲಿ ಇದನ್ನು ರೀ-ಕೆವೈಸಿ ಅಂತೀವಿ. ಖಾತೆ ತೆರೆದು ಕೆಲವು ವರ್ಷ ಆದಮೇಲೆ ಗ್ರಾಹಕರ ಗುರುತು, ವಿಳಾಸ ಈಗಲೂ ಸರಿ ಇದೆಯಾ ಅಂತ ಮತ್ತೆ ಖಚಿತ ಮಾಡಿಕೊಳ್ಳೋದು, ಅಷ್ಟೇ. ನಾನು ಎರಡು ಭಾನುವಾರ ಕೂತು 34 ಸ್ಲೈಡಿನ ಪಿಪಿಟಿ ಮಾಡಿದೆ. ರಿಸರ್ವ್ ಬ್ಯಾಂಕಿನ 2016ರ ಕೆವೈಸಿ ನಿರ್ದೇಶನದಲ್ಲಿ ಇರುವುದನ್ನೆಲ್ಲ ತಂದಿಟ್ಟಿದ್ದೆ, ಒಂದೂ ತಪ್ಪು ಮಾಹಿತಿ ಇಲ್ಲ ಅಂದುಕೊಂಡಿದ್ದೆ. ಎರಡು ತಾಸು ಪಾಠ ಆಯಿತು, ಮೂವರೂ ಚೆನ್ನಾಗಿ ಬರೆದುಕೊಂಡರು.

ಮಾರ್ಚ್‌ನಲ್ಲಿ ಒಂದು ದಿನ ಮಧ್ಯಾಹ್ನ ಜಗಳೂರು ಕಡೆಯ ಹಳ್ಳಿಯ ಒಬ್ಬ ಅಜ್ಜಿ ನನ್ನ ಟೇಬಲ್ ಮುಂದೆ ಬಂದು ನಿಂತರು. ಪಾಸ್‌ಬುಕ್ಕು ಪ್ಲಾಸ್ಟಿಕ್ ಕವರಿನಲ್ಲಿ, ಕವರು ಸೆರಗಿನ ಗಂಟಿನಲ್ಲಿ.

"ಸಾಹೇಬ್ರೆ, ರೊಕ್ಕ ಬಂದೈತಿ ಅಂತೀರಿ, ಪುಸ್ತಕದಾಗೂ ಬರದೀರಿ. ಕೊಡ್ರಿ ಅಂದ್ರೆ ಕೊಡಾಕ ಬರಲ್ಲ ಅಂತೀರಿ. ಇದು ನಾಕನೇ ಸಲ ನೋಡ್ರಿ ಬಸ್ಸು ಹತ್ತಿದ್ದು."

ಗೃಹಲಕ್ಷ್ಮಿಯ ಮೂರು ಕಂತು, ಅಂದರೆ 6,000 ರೂಪಾಯಿ ಅವರ ಖಾತೆಯಲ್ಲಿ ಕೂತಿತ್ತು. ಖಾತೆಗೆ ಡೆಬಿಟ್ ಫ್ರೀಝ್ ಬಿದ್ದಿತ್ತು. ಹಣ ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ಆ ನಾಲ್ಕು ಭೇಟಿಗಳನ್ನು ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಿದಾಗ, ಪ್ರತಿ ಸಲವೂ ಎಡವಿದ ಜಾಗ ನನ್ನ ಪಿಪಿಟಿಯಲ್ಲೇ ಇತ್ತು. ಅದಕ್ಕೆ ಇದನ್ನು ಪೂರ್ತಿ ಬರೆಯುತ್ತಿದ್ದೇನೆ. ಬೇರೆ ಶಾಖೆಗಳಲ್ಲಿ ಹೊಸಬರಿಗೆ ಪಾಠ ಮಾಡುವವರಿಗೆ ಉಪಯೋಗ ಆಗಬಹುದು.

ಫ್ರೀಝ್ ಯಾಕೆ ಬಿತ್ತು

ಖಾತೆ ಅಕ್ರಮ ಹಣಕ್ಕೆ ಬಳಕೆ ಆಗುವ ಅಪಾಯ ಎಷ್ಟು ಅನ್ನೋದರ ಮೇಲೆ ಗ್ರಾಹಕರನ್ನು ಬ್ಯಾಂಕು ಮೂರು ಬಗೆಯಾಗಿ ನೋಡುತ್ತದೆ: ಅಪಾಯ ಜಾಸ್ತಿ ಇರುವವರು, ಮಧ್ಯಮ, ಕಡಿಮೆ. ಜಾಸ್ತಿ ಇರುವವರಿಗೆ ಎರಡು ವರ್ಷಕ್ಕೊಮ್ಮೆಯಾದರೂ, ಮಧ್ಯಮದವರಿಗೆ ಎಂಟು ವರ್ಷಕ್ಕೊಮ್ಮೆ, ಕಡಿಮೆಯವರಿಗೆ ಹತ್ತು ವರ್ಷಕ್ಕೊಮ್ಮೆ ಕೆವೈಸಿ ನವೀಕರಣ ಆಗಬೇಕು. ಅಜ್ಜಿಯದು ಜನ್ ಧನ್ ಖಾತೆ, ಕಡಿಮೆ ಅಪಾಯದ ಗುಂಪು. ಆ ಯೋಜನೆ ಶುರುವಾಗಿದ್ದು 2014ರ ಆಗಸ್ಟ್ 28ಕ್ಕೆ. ಆಗ ಕ್ಯಾಂಪ್ ಹಾಕಿ ರಾಶಿ ರಾಶಿ ಖಾತೆ ತೆರೆದಿದ್ದು ನೆನಪಿದೆಯಲ್ವಾ? ಅವೆಲ್ಲ ಹತ್ತು ವರ್ಷ ತುಂಬಿ ಒಟ್ಟಿಗೇ ಗಡುವಿಗೆ ಬಂದಿದ್ದು 2024ರ ಕೊನೆ ಮತ್ತು 2025ರಲ್ಲಿ. ಅಜ್ಜಿಯ ಖಾತೆ 2014ರ ನವೆಂಬರ್‌ನಲ್ಲಿ ತೆರೆದದ್ದು. ಹತ್ತು ವರ್ಷಕ್ಕೆ 2024ರ ನವೆಂಬರ್ ಆಯಿತು. ಅಲ್ಲಿಂದ ಎರಡು ತಿಂಗಳಿಗೆ ಫ್ರೀಝ್.

ನೆನಪಿನ ಪತ್ರ, ಮೆಸೇಜ್ ಕಳಿಸಿರಲಿಲ್ಲವಾ? ಕಳಿಸಿದ್ದೆವು. ಆದರೆ ಖಾತೆ ತೆರೆದಾಗ ಅವರು ದಾವಣಗೆರೆಯಲ್ಲಿ ಮಗನ ಬಾಡಿಗೆ ಮನೆಯಲ್ಲಿ ಇದ್ದರು. ಪತ್ರ ಆ ಮನೆಗೆ ಹೋಯಿತು. ಮೆಸೇಜು ಮಗನ ಹಳೇ ನಂಬರಿಗೆ ಹೋಯಿತು, ಆ ನಂಬರು ಈಗ ಬಳಕೆಯಲ್ಲೇ ಇಲ್ಲ. ವಿಳಾಸ ಬದಲಾದವರಿಗೇ ಈ ಕೆಲಸ ಹೆಚ್ಚು ಬೇಕು, ಅವರಿಗೇ ಸುದ್ದಿ ಮುಟ್ಟಲ್ಲ. ಅವರಿಗೆ ಗೊತ್ತಾಗೋದು ದುಡ್ಡು ಕೊಡಲ್ಲ ಅಂದ ದಿನವೇ.

ನಾಲ್ಕು ಭೇಟಿ

ಮೊದಲ ಸಲ ಬಂದಾಗ ಕೌಂಟರಿನಲ್ಲಿದ್ದ ಹುಡುಗಿ, ತುಂಬಾ ಶ್ರದ್ಧೆಯ ಹುಡುಗಿ, ನನ್ನ ಪಿಪಿಟಿಯ 11ನೇ ಸ್ಲೈಡನ್ನು ಕಾಗದದಲ್ಲಿ ಬರೆದು ಗಾಜಿಗೆ ಅಂಟಿಸಿಕೊಂಡಿದ್ದಳು. ಅದರಲ್ಲಿ ಇದ್ದದ್ದು ಇಷ್ಟು: "ಪಡೆಯಬೇಕಾದ ದಾಖಲೆಗಳು: ಆಧಾರ್, ಪ್ಯಾನ್, ಫೋಟೋ, ವಿಳಾಸದ ಪುರಾವೆ." ಅಜ್ಜಿ ಹತ್ತಿರ ಪ್ಯಾನ್ ಇರಲಿಲ್ಲ. ಪ್ಯಾನ್ ಮಾಡಿಸಿಕೊಂಡು ಬನ್ನಿ ಅಂತ ಕಳಿಸಿದಳು. ಪ್ಯಾನ್ ಇಲ್ಲದವರಿಂದ ಫಾರ್ಮ್ 60 ತೆಗೆದುಕೊಳ್ಳಬಹುದು ಅನ್ನೋದು ನನ್ನ ಪಿಪಿಟಿಯಲ್ಲಿ ಇತ್ತು, 19ನೇ ಸ್ಲೈಡಿನಲ್ಲಿ. 11ನೇ ಸ್ಲೈಡನ್ನು ಅಂಟಿಸಿಕೊಂಡವಳಿಗೆ ಅದು ಕಾಣೋದಾದರೂ ಹೇಗೆ?

ಎರಡನೇ ಸಲ ಸೈಬರ್ ಸೆಂಟರಿನವರಿಗೆ ದುಡ್ಡು ಕೊಟ್ಟು ಮಾಡಿಸಿದ ಪ್ಯಾನ್ ಹಿಡಿದು ಬಂದರು. ಅವತ್ತು ಕೌಂಟರಿನಲ್ಲಿ ಇನ್ನೊಬ್ಬ ಹುಡುಗ. ಆಧಾರ್‌ನಲ್ಲಿ ಹಳ್ಳಿಯ ವಿಳಾಸ, ಬ್ಯಾಂಕಿನ ದಾಖಲೆಯಲ್ಲಿ ದಾವಣಗೆರೆ ವಿಳಾಸ. "ಅಡ್ರೆಸ್ ಮ್ಯಾಚ್ ಆಗ್ತಿಲ್ಲ ಅಜ್ಜಿ, ಸರಿ ಮಾಡಿಸ್ಕೊಂಡು ಬನ್ನಿ" ಅಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹುಡುಗನನ್ನು ಆಮೇಲೆ ಕೇಳಿದೆ, ಯಾವುದನ್ನು ಸರಿ ಮಾಡಿಸಬೇಕಿತ್ತು ಅಂತ. "ಆಧಾರ್ ಸರ್" ಅಂದ. ಆದರೆ ಆಧಾರ್ ಸರಿಯಾಗೇ ಇತ್ತು. ಅಜ್ಜಿ ಈಗ ಇರೋದೇ ಅಲ್ಲಿ. ಹಳೆಯದಾಗಿದ್ದದ್ದು ನಮ್ಮ ದಾಖಲೆ. ಅದನ್ನು ಹೊಸದು ಮಾಡೋದಕ್ಕೇ ಅಲ್ವಾ ರೀ-ಕೆವೈಸಿ ಇರೋದು? ಆದರೆ ಹೊಸ ಖಾತೆ ತೆರೆಯುವ ಪಾಠದಲ್ಲಿ ನಾವು "ಎರಡು ದಾಖಲೆ ಹೊಂದದಿದ್ದರೆ ನಿಲ್ಲಿಸಿ" ಅಂತ ಹೇಳಿಕೊಟ್ಟಿರುತ್ತೇವೆ. ಅದೇ ಬುದ್ಧಿ ಇಲ್ಲೂ ಓಡಿತು. ಇದರ ಬಗ್ಗೆ ನನ್ನ 34 ಸ್ಲೈಡಿನಲ್ಲಿ ಒಂದು ಸಾಲೂ ಇರಲಿಲ್ಲ.

ಮೂರನೇ ಸಲ ಊರಿನ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಬಂದರು. ಅವನು ಸ್ವಲ್ಪ ಜೋರು ಮಾಡಿದ. ಆಗ ಫಾರ್ಮ್ ತೆಗೆದುಕೊಂಡರು, ಜೆರಾಕ್ಸ್ ಇಟ್ಟುಕೊಂಡರು, "ಎರಡು ದಿನದಲ್ಲಿ ಆಗುತ್ತೆ" ಅಂದರು. ಸ್ವೀಕೃತಿ ಕೊಡಲಿಲ್ಲ. ಕ್ಲರ್ಕ್ ಸಿಸ್ಟಮ್‌ನಲ್ಲಿ ಎಂಟ್ರಿ ಹಾಕಿದಳು. ಆದರೆ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಅದನ್ನು ಒಪ್ಪಬೇಕು, ಮೇಕರ್-ಚೆಕರ್ ಅಂತೀವಲ್ಲ, ಆ ಎರಡನೇ ಕೈ ಬೀಳಲೇ ಇಲ್ಲ. ಫಾರ್ಮು ಟ್ರೇಯಲ್ಲಿ ಉಳಿಯಿತು. ಹನ್ನೊಂದು ದಿನ.

ನಾಲ್ಕನೇ ಸಲ ಬಂದಾಗ ಫ್ರೀಝ್ ಹಾಗೇ ಇತ್ತು. ಕೊಟ್ಟಿದ್ದೀನಿ ಅನ್ನೋದಕ್ಕೆ ಅಜ್ಜಿ ಕೈಯಲ್ಲಿ ಏನೂ ಇಲ್ಲ. ಕೌಂಟರಿನವರು ಮತ್ತೆ "ಆಧಾರ್, ಪ್ಯಾನ್, ಫೋಟೋ ತಂದಿದ್ದೀರಾ?" ಅಂತ ಕೇಳಿದರು. ಅಲ್ಲಿಂದ ಅವರು ನೇರವಾಗಿ ನನ್ನ ಟೇಬಲ್ಲಿಗೆ ಬಂದರು.

ಅವತ್ತು ಆ ಕೆಲಸ ಮುಗಿಯೋಕೆ ಹಿಡಿದದ್ದು ಕಾಲು ತಾಸು. ಟ್ರೇಯಿಂದ ಫಾರ್ಮ್ ತೆಗೆದೆ, ಆಧಾರ್ ಮೂಲ ನೋಡಿದೆ, ಎಂಟ್ರಿ ಒಪ್ಪಿದೆ, ಫ್ರೀಝ್ ತೆಗೆದೆವು. ಅಜ್ಜಿ ದುಡ್ಡು ಎಣಿಸಿಕೊಂಡು ಹೋದರು, ಒಂದು ಕೆಟ್ಟ ಮಾತೂ ಆಡಲಿಲ್ಲ. ಅದು ನನಗೆ ಜಾಸ್ತಿ ಕಷ್ಟ ಆಯಿತು.

ಪಿಪಿಟಿಯಲ್ಲಿ ಏನು ತಪ್ಪಿತ್ತು

ರಾತ್ರಿ ಕೂತು ಮತ್ತೆ ಓದಿದೆ. ಮೊದಲ ಒಂಬತ್ತು ಸ್ಲೈಡು ಕಾನೂನು: 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2005ರ ನಿಯಮಗಳು, ವ್ಯಾಖ್ಯೆಗಳು. ಆಮೇಲೆ ದಾಖಲೆಗಳ ಪಟ್ಟಿ. ಆಮೇಲೆ ವಿನಾಯಿತಿಗಳು. ನಿರ್ದೇಶನ ಯಾವ ಕ್ರಮದಲ್ಲಿ ಇದೆಯೋ ಅದೇ ಕ್ರಮದಲ್ಲಿ ನಾನೂ ಜೋಡಿಸಿದ್ದೆ. ಕೌಂಟರಿನಲ್ಲಿ ಕೂತವರಿಗೆ ಕೆಲಸ ಆ ಕ್ರಮದಲ್ಲಿ ಬರಲ್ಲ. ಅವರ ಮುಂದೆ ಒಬ್ಬ ಮನುಷ್ಯ ನಿಂತಿರುತ್ತಾರೆ, ಹಿಂದೆ ಹದಿನೈದು ಜನ ಸಾಲಿನಲ್ಲಿರುತ್ತಾರೆ. ಮೊದಲು ಏನು ನೋಡಬೇಕು, ಮೊದಲು ಏನು ಕೇಳಬೇಕು, ಅದು ಬೇಕು ಅವರಿಗೆ.

ಇನ್ನೂ ದೊಡ್ಡ ತಪ್ಪು ಒಂದಿತ್ತು. ನಿಯಮದ ಪ್ರಕಾರ ರೀ-ಕೆವೈಸಿಯಲ್ಲಿ ಏನೂ ಬದಲಾಗದಿದ್ದರೆ ಗ್ರಾಹಕರಿಂದ ಒಂದು ಸ್ವಯಂ ಘೋಷಣೆ ಸಾಕು. "ನನ್ನ ಮಾಹಿತಿಯಲ್ಲಿ ಬದಲಾವಣೆ ಇಲ್ಲ" ಅಂತ. ಅದನ್ನು ಪತ್ರದಲ್ಲಿ, ನೋಂದಾಯಿತ ಮೊಬೈಲ್ ಅಥವಾ ಇ-ಮೇಲ್‌ನಲ್ಲಿ, ಎಟಿಎಂನಲ್ಲಿ, ಬ್ಯಾಂಕಿನ ಆ್ಯಪ್‌ನಲ್ಲಿ ಕೂಡ ಕೊಡಬಹುದು. ಬರೀ ವಿಳಾಸ ಬದಲಾಗಿದ್ದರೆ ಹೊಸ ವಿಳಾಸದ ಘೋಷಣೆ ತೆಗೆದುಕೊಂಡು, ಎರಡು ತಿಂಗಳ ಒಳಗೆ ಆ ವಿಳಾಸ ಖಚಿತ ಮಾಡಿಕೊಳ್ಳಬೇಕು: ಪತ್ರ ಕಳಿಸಿ ಅದು ತಲುಪಿದೆಯಾ ನೋಡೋದು, ಅಥವಾ ಯಾರಾದರೂ ಹೋಗಿ ಬರೋದು. ಬ್ಯಾಂಕು ಬೇಕಿದ್ದರೆ ವಿಳಾಸಕ್ಕೆ ದಾಖಲೆಯ ಪ್ರತಿ ಕೇಳಬಹುದು, ನಮ್ಮಲ್ಲಿ ಕೇಳುತ್ತೇವೆ. ಅಂದರೆ ದಾಖಲೆಗಳ ಪೂರ್ತಿ ಕಟ್ಟು ಬೇಕಾಗೋದು ಕೆಲವರಿಗೆ ಮಾತ್ರ. ನನ್ನ 11ನೇ ಸ್ಲೈಡು ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿಬಿಟ್ಟಿತ್ತು. ನಿಯಮ ಸಡಿಲವಾಗಿದ್ದ ಕಡೆ ಪಾಠ ಬಿಗಿಯಾಗಿತ್ತು.

ಹೊಸ ಪಿಪಿಟಿ

ಎರಡನೇ ಸಲ ಏಳೇ ಸ್ಲೈಡು ಮಾಡಿದೆ, ಎಲ್ಲ ಕನ್ನಡದಲ್ಲಿ. ಒಂದು ಸ್ಲೈಡಿಗೆ ಒಂದು ಕೆಲಸ. ಕಾನೂನಿನ ಒಂಬತ್ತು ಸ್ಲೈಡನ್ನು ತೆಗೆದು ಬೇರೆ ಓದುವ ಕಾಗದವಾಗಿ ಕೊಟ್ಟೆ.

ಮೊದಲ ಸ್ಲೈಡಿನಲ್ಲಿ ಒಂದೇ ಮಾತು: "ಕಾಗದ ಕೇಳುವ ಮುಂಚೆ ಸ್ಕ್ರೀನ್ ನೋಡಿ." ಕೊನೆಯ ಕೆವೈಸಿ ಯಾವಾಗ ಆಗಿದೆ, ಯಾವ ಅಪಾಯದ ಗುಂಪು, ಖಾತೆ ನಿಂತಿರೋದು ಯಾವ ಕಾರಣಕ್ಕೆ. ಈ ಮೂರನೆಯದನ್ನು ಹೊಸಬರು ಬಿಟ್ಟುಬಿಡುತ್ತಾರೆ. ಎರಡು ವರ್ಷಕ್ಕಿಂತ ಜಾಸ್ತಿ ಗ್ರಾಹಕರ ಕಡೆಯಿಂದ ವ್ಯವಹಾರ ಇಲ್ಲದೆ ಖಾತೆ ನಿಷ್ಕ್ರಿಯ ಆಗಿರಬಹುದು, ರೀ-ಕೆವೈಸಿ ಬಾಕಿಯಿಂದ ಫ್ರೀಝ್ ಆಗಿರಬಹುದು, ಪೊಲೀಸ್ ಅಥವಾ ಕೋರ್ಟ್ ಆದೇಶದಿಂದ ತಡೆ ಬಿದ್ದಿರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತೆ, ದುಡ್ಡು ಬರಲ್ಲ. ಮೂರಕ್ಕೂ ದಾರಿ ಬೇರೆ. ಕೊನೆಯದಾಗಿದ್ದರೆ ಕೆವೈಸಿ ಫಾರ್ಮ್ ಎಷ್ಟು ತುಂಬಿಸಿದರೂ ಉಪಯೋಗ ಇಲ್ಲ, ಸೀದಾ ಅಧಿಕಾರಿಯ ಹತ್ತಿರ ಕಳಿಸಬೇಕು.

ಎರಡನೇ ಸ್ಲೈಡು ಹಳೇ ದಾಖಲೆಯ ಸ್ಕ್ಯಾನ್ ತೆರೆದು ನೋಡೋದು. ಇದು ಸೂಕ್ಷ್ಮ ಜಾಗ. ಮಾಹಿತಿ ಬದಲಾಗಿಲ್ಲ ಅಂತ ಗ್ರಾಹಕರು ಹೇಳಿದರೂ, ನಮ್ಮ ಹತ್ತಿರ ಇರುವ ದಾಖಲೆ ಈಗಿನ ನಿಯಮಕ್ಕೆ ತಕ್ಕಂತೆ ಇಲ್ಲದಿದ್ದರೆ ಸ್ವಯಂ ಘೋಷಣೆ ಸಾಲಲ್ಲ. ಖಾತೆ ತೆರೆಯುವಾಗ ಡ್ರೈವಿಂಗ್ ಲೈಸೆನ್ಸ್ ಕೊಟ್ಟಿದ್ದರು, ಅದರ ಅವಧಿ ಈಗ ಮುಗಿದಿದೆ ಅಂದುಕೊಳ್ಳಿ, ಆಗ ಹೊಸ ಖಾತೆಗೆ ಮಾಡುವಷ್ಟೇ ಕೆಲಸ ಮಾಡಬೇಕು. ಹಿಂದೆ ಬರೀ ಫೋಟೋ ಮತ್ತು ಹೆಬ್ಬೆಟ್ಟಿನ ಮೇಲೆ ತೆರೆದ ಸಣ್ಣ ಖಾತೆಗಳೂ ಹಾಗೆಯೇ. ಅಜ್ಜಿಯ ಖಾತೆಯಲ್ಲಿ ವೋಟರ್ ಐಡಿ ಇತ್ತು. ಅದು ಈಗಲೂ ಒಪ್ಪುವ ದಾಖಲೆ, ಅವಧಿ ಮುಗಿಯುವಂಥದ್ದಲ್ಲ. ಯಾರಾದರೂ ಆ ಸ್ಕ್ಯಾನ್ ತೆರೆದಿದ್ದರೆ ಮೊದಲ ದಿನವೇ ಅರ್ಧ ಕೆಲಸ ಮುಗಿಯುತ್ತಿತ್ತು.

ಮೂರನೆಯದು ಪ್ರಶ್ನೆ. ಅದನ್ನು ಸ್ಲೈಡಿನಲ್ಲಿ ನಮ್ಮ ಕಡೆ ಮಾತಾಡುವ ಹಾಗೇ ಬರೆದೆ: "ಖಾತೆ ತೆರೆದಾಗ ಎಲ್ಲಿದ್ರಿ, ಈಗ ಎಲ್ಲಿದ್ದೀರಿ? ಹೆಸರು ಹಂಗೇ ಐತಾ? ಈ ಫೋನ್ ನಂಬರ್ ನಿಮ್ದೇನಾ?" ಮುಂಚೆ "ನಿಮ್ಮ ಮಾಹಿತಿಯಲ್ಲಿ ಬದಲಾವಣೆ ಇದೆಯೇ?" ಅಂತ ಇತ್ತು. ಹಾಗೆ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ, ಯಾಕೆಂದರೆ ಹತ್ತು ವರ್ಷದ ಹಿಂದೆ ಬ್ಯಾಂಕಿಗೆ ಏನು ಬರೆದುಕೊಟ್ಟಿದ್ದೆವು ಅನ್ನೋದು ಯಾರಿಗೂ ನೆನಪಿರಲ್ಲ. ಕ್ಲರ್ಕ್ ಕೈಯಲ್ಲಿ ಹಳೇ ಮಾಹಿತಿ ಇರುತ್ತೆ, ಅದನ್ನು ಓದಿ ಹೇಳಿ ಕೇಳಬೇಕು.

ನಾಲ್ಕನೇ ಸ್ಲೈಡಿನಲ್ಲಿ ಉತ್ತರಕ್ಕೆ ತಕ್ಕ ದಾರಿ. ಏನೂ ಬದಲಾಗಿಲ್ಲ, ಹಳೇ ದಾಖಲೆ ಸರಿ ಇದೆ: ಸ್ವಯಂ ಘೋಷಣೆ, ಕೆಲಸ ಮುಗೀತು. ವಿಳಾಸ ಮಾತ್ರ ಬದಲಾಗಿದೆ: ಹೊಸ ವಿಳಾಸದ ಘೋಷಣೆ, ಜೊತೆಗೆ ಆ ವಿಳಾಸ ಇರುವ ಆಧಾರ್, ವೋಟರ್ ಐಡಿ ಅಥವಾ ಉದ್ಯೋಗ ಖಾತ್ರಿ ಕಾರ್ಡಿನಂಥ ಒಂದು ದಾಖಲೆ. ಹೆಸರು ಬದಲಾಗಿದೆ, ಅಥವಾ ದಾಖಲೆ ಹಳತಾಗಿದೆ: ಪೂರ್ತಿ ಕೆವೈಸಿ. ಪ್ಯಾನ್ ಇಲ್ಲ: ಫಾರ್ಮ್ 60, ಅದೇ ಸ್ಲೈಡಿನಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ. ಇದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: "ನಮ್ಮ ದಾಖಲೆಗೂ ಅವರು ತಂದ ದಾಖಲೆಗೂ ವ್ಯತ್ಯಾಸ ಕಂಡರೆ ವಾಪಸ್ ಕಳಿಸಬೇಡಿ. ಯಾವುದು ಈಗಿನದು ಅಂತ ಕೇಳಿ. ಅನುಮಾನ ಇದ್ದರೆ ಅಧಿಕಾರಿಯನ್ನು ಕರೆಯಿರಿ." ವ್ಯತ್ಯಾಸ ಎಲ್ಲವೂ ಅಮಾಯಕ ಅಂತ ನಾನು ಹೇಳುತ್ತಿಲ್ಲ. ಫೋಟೋ ಬೇರೆಯವರದು, ಹುಟ್ಟಿದ ವರ್ಷಕ್ಕೂ ಮುಖಕ್ಕೂ ಸಂಬಂಧವೇ ಇಲ್ಲ, ಕೇಳಿದ್ದಕ್ಕೆಲ್ಲ ಜೊತೆಗೆ ಬಂದವನೇ ಉತ್ತರ ಕೊಡುತ್ತಾನೆ, ಇಂಥದ್ದು ಕಂಡರೆ ನಿಲ್ಲಿಸಲೇಬೇಕು. ಆ ತೀರ್ಮಾನ ಅಧಿಕಾರಿಯದು, ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವರದಲ್ಲ.

ಐದನೆಯದು ಮೂಲ ನೋಡೋದು. ಜೆರಾಕ್ಸನ್ನು ಮೂಲದ ಪಕ್ಕ ಇಟ್ಟು ಹೋಲಿಸಿ, ಹೋಲಿಸಿದ್ದೇನೆ ಅಂತ ಪ್ರತಿಯ ಮೇಲೆ ಬರೆದು ಅಧಿಕಾರಿ ಸಹಿ ಹಾಕಬೇಕು. ಸಹಿ ಹಾಕುವ ಮುಂಚೆ ಮೂಲ ನೋಡಿರಬೇಕು. ಇದನ್ನು ಬಿಡಿಸಿ ಹೇಳೋಕೆ ಕಾರಣ ಇದೆ: ಸಂಜೆ ರಾಶಿ ಜೆರಾಕ್ಸ್‌ಗೆ ಒಟ್ಟಿಗೇ ಸೀಲು ಒತ್ತುವ ಅಭ್ಯಾಸ ಬಂದುಬಿಡುತ್ತೆ, ಆ ಹೊತ್ತಿಗೆ ಮೂಲಗಳೆಲ್ಲ ಬಸ್ಸು ಹತ್ತಿ ಹೋಗಿರುತ್ತವೆ. ಆಧಾರ್ ಪ್ರತಿ ಇಟ್ಟುಕೊಳ್ಳುವಾಗ, ದೃಢೀಕರಣ ಬೇಕಿಲ್ಲದ ಕಡೆ ಸಂಖ್ಯೆಯನ್ನು ಮಸಿಯಿಂದ ಮುಚ್ಚಿಸಬೇಕು. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಬಿಡುವುದು ನಮ್ಮ ರೂಢಿ. ಹೆಬ್ಬೆಟ್ಟು ಒತ್ತುವವರಾದರೆ ಫಾರ್ಮಿನಲ್ಲಿ ಏನಿದೆ ಅಂತ ಕನ್ನಡದಲ್ಲಿ ಓದಿ ಹೇಳಿ, ಅಧಿಕಾರಿಯ ಎದುರಿಗೇ ಒತ್ತಿಸಿಕೊಳ್ಳಬೇಕು. ಅಜ್ಜಿ ಮೂರನೇ ಸಲ ಒತ್ತಿದ ಹೆಬ್ಬೆಟ್ಟಿನ ಪಕ್ಕ ಯಾರ ಸಹಿಯೂ ಇರಲಿಲ್ಲ. ನಾಲ್ಕನೇ ದಿನ ಮತ್ತೊಮ್ಮೆ ಒತ್ತಿಸಿಕೊಳ್ಳಬೇಕಾಯಿತು.

ಆರನೆಯದು ಸ್ವೀಕೃತಿ. ಗ್ರಾಹಕರು ಕೊಟ್ಟದ್ದು ಸ್ವಯಂ ಘೋಷಣೆ ಆದರೂ ಸರಿ, ದಾಖಲೆ ಆದರೂ ಸರಿ, ದಿನಾಂಕ ಹಾಕಿ ಸ್ವೀಕೃತಿ ಕೊಡಬೇಕು ಅಂತ ನಿರ್ದೇಶನದಲ್ಲೇ ಇದೆ. ನಮ್ಮ ಫಾರ್ಮಿನ ಕೆಳಗೆ ಹರಿದುಕೊಡುವ ಚೀಟಿ ಇದೆ, ಆದರೆ ಅದು ಹರಿಯದೆ ಹಾಗೇ ಫೈಲಿಗೆ ಹೋಗುತ್ತಿತ್ತು. ಹೊಸ ಸ್ಲೈಡಿನಲ್ಲಿ ಚೀಟಿಯ ಫೋಟೋ ಹಾಕಿದೆ. ಟ್ರೇಯಲ್ಲಿ ಚೀಟಿ ಅಂಟಿಕೊಂಡೇ ಇರುವ ಫಾರ್ಮ್ ಕಂಡರೆ ಗ್ರಾಹಕರು ಬರಿಗೈಯಲ್ಲಿ ಹೋಗಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತೆ. ತಪ್ಪು ಹಿಡಿಯೋಕೆ ಇಷ್ಟು ಸುಲಭದ ಗುರುತು ಬೇರೆ ಇಲ್ಲ.

ಏಳನೆಯದು ಸಂಜೆಯ ಕೆಲಸ. ಎಂಟ್ರಿ ಹಾಕಿ ಒಪ್ಪಿಗೆಗೆ ಕಾದಿರುವ ಸಾಲು ದಿನದ ಕೊನೆಗೆ ಖಾಲಿ ಇರಬೇಕು. ಖಾಲಿ ಇಲ್ಲದಿದ್ದರೆ ಯಾವುದು ಯಾಕೆ ಉಳಿಯಿತು ಅಂತ ಹೆಸರು ಹಿಡಿದು ಬರೆಯಬೇಕು. ಆಮೇಲೆ ನವೀಕರಣ ಆದ ದಿನಾಂಕವನ್ನು ಗ್ರಾಹಕರಿಗೆ ತಿಳಿಸಬೇಕು. ಇದೂ ನಿರ್ದೇಶನದ ಮಾತೇ. ಮೆಸೇಜ್ ತಾನೇ ಹೋಗುತ್ತೆ, ಆದರೆ ಯಾವ ನಂಬರಿಗೆ? ಹಳೇ ನಂಬರ್ ಇದ್ದರೆ ಅದಕ್ಕೂ ಬೇರೆ ಫಾರ್ಮ್ ಅವತ್ತೇ ತುಂಬಿಸಿಕೊಳ್ಳಬೇಕು, ಇಲ್ಲದಿದ್ದರೆ ಅಜ್ಜಿಯ ಕಥೆ ಇನ್ನೊಂದು ಸುತ್ತು ಶುರುವಾಗುತ್ತೆ.

ಪರೀಕ್ಷೆ ಮಾಡಿದ್ದು, ಮತ್ತೆ ಸೋತದ್ದು

ಈ ಸಲ ಪಾಠ ಅರ್ಧ ತಾಸು ಮಾತ್ರ. ಉಳಿದ ಹೊತ್ತಿಗೆ ನಾಲ್ಕು ಕಾರ್ಡ್ ಮಾಡಿದ್ದೆ, ಒಂದೊಂದರಲ್ಲಿ ಒಬ್ಬ ಗ್ರಾಹಕರ ಸ್ಥಿತಿ. ಒಬ್ಬರು ಗ್ರಾಹಕರಾಗಿ ಬರಬೇಕು, ಇನ್ನೊಬ್ಬರು ಕೌಂಟರಿನಲ್ಲಿ ಕೂರಬೇಕು. ವಿಳಾಸ ಬದಲಾದವರು, ಏನೂ ಬದಲಾಗದವರು, ಇವೆರಡನ್ನೂ ಮೂವರೂ ಸರಿಯಾಗಿ ಮುಗಿಸಿದರು. ನಿಷ್ಕ್ರಿಯ ಖಾತೆಯ ಕಾರ್ಡಿನಲ್ಲಿ ಒಬ್ಬಳು ಸ್ಕ್ರೀನ್ ನೋಡುವ ಮುಂಚೆ ಆಧಾರ್ ಕೇಳಿದಳು, ತಾನೇ ನಾಲಿಗೆ ಕಚ್ಚಿಕೊಂಡು ವಾಪಸ್ ಬಂದಳು. ಅಲ್ಲಿವರೆಗೆ ಚೆನ್ನಾಗಿತ್ತು.

ನಾಲ್ಕನೇ ಕಾರ್ಡು ದಾವಣಗೆರೆಯಲ್ಲಿ ದಿನಾ ಬರುವ ಗ್ರಾಹಕ: ಹಾಸ್ಟೆಲಿನಲ್ಲಿರುವ ಕಾಲೇಜು ಹುಡುಗ, ಸ್ಕಾಲರ್‌ಶಿಪ್‌ಗೆ ಅಂತ ಹೈಸ್ಕೂಲಿನಲ್ಲಿ ತೆರೆದ ಖಾತೆ. ಮೂವರೂ ಸೋತರು. "ವಿಳಾಸ ಹಾಗೇ ಇದೆಯಾ? ಇದೆ. ಹೆಸರು? ಅದೇ. ಹಾಗಾದರೆ ಸ್ವಯಂ ಘೋಷಣೆ." ಆದರೆ ಆ ಹುಡುಗನಿಗೆ 18 ತುಂಬಿದೆ. ಅಪ್ರಾಪ್ತರ ಖಾತೆ ಇದ್ದವರು ಪ್ರಾಪ್ತ ವಯಸ್ಕರಾದಾಗ ಹೊಸ ಫೋಟೋ ತೆಗೆದುಕೊಳ್ಳಬೇಕು, ಈಗಿನ ನಿಯಮದ ಪ್ರಕಾರ ದಾಖಲೆಗಳು ಇವೆಯಾ ಅಂತ ಖಚಿತ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಪೂರ್ತಿ ಕೆವೈಸಿ. ಹುಡುಗರದು ತಪ್ಪಲ್ಲ. ನನ್ನ ಸ್ಲೈಡು ಬದಲಾವಣೆ ಅಂದರೆ ಹೆಸರು, ವಿಳಾಸ, ಫೋನು ಅಂತ ಮಾತ್ರ ಹೇಳಿತ್ತು. ವಯಸ್ಸು ಬದಲಾಗುತ್ತೆ ಅನ್ನೋದನ್ನು ಯಾರೂ ಬದಲಾವಣೆ ಅಂತ ಎಣಿಸಲ್ಲ. ಮೊದಲ ಸ್ಲೈಡಿಗೆ ನಾಲ್ಕನೇ ಮಾತು ಸೇರಿತು: ಹುಟ್ಟಿದ ದಿನಾಂಕ ನೋಡಿ, ಖಾತೆ ತೆರೆದಾಗ 18 ಆಗಿತ್ತಾ?

ಎಪಿಎಂಸಿ ವರ್ತಕರ ಕರೆಂಟ್ ಖಾತೆ, ಪಾಲುದಾರಿಕೆ ಸಂಸ್ಥೆ, ಟ್ರಸ್ಟು, ಇವು ಯಾವುದೂ ಈ ಏಳು ಸ್ಲೈಡಿನಲ್ಲಿ ಇಲ್ಲ. ಅಲ್ಲಿ ಸಂಸ್ಥೆಯ ಹಿಂದೆ ನಿಜವಾದ ಮಾಲೀಕರು ಯಾರು ಅಂತ ನೋಡಬೇಕು, ಆ ಪಾಠವೇ ಬೇರೆ. ಸೇರಿಸಿದ್ದರೆ ಮತ್ತೆ 34 ಆಗುತ್ತಿತ್ತು.

ಜೂನ್‌ನಲ್ಲಿ ನಿಯಮವೇ ಬದಲಾಯಿತು

2025ರ ಜೂನ್ 12ಕ್ಕೆ ರಿಸರ್ವ್ ಬ್ಯಾಂಕ್ ತಿದ್ದುಪಡಿ ತಂದಿತು. ಜನ್ ಧನ್ ಮತ್ತು ಸರ್ಕಾರಿ ನೆರವಿನ ಹಣ ಬರುವ ಖಾತೆಗಳಲ್ಲಿ ನವೀಕರಣ ತುಂಬಾ ಬಾಕಿ ಉಳಿದಿದ್ದೇ ಅದಕ್ಕೆ ಒಂದು ಕಾರಣ. ಕಡಿಮೆ ಅಪಾಯದ ವ್ಯಕ್ತಿಗತ ಗ್ರಾಹಕರಿಗೆ ಗಡುವು ಮೀರಿದರೂ ಎಲ್ಲ ವ್ಯವಹಾರಕ್ಕೂ ಅವಕಾಶ ಕೊಡಬೇಕು, ಗಡುವಿನಿಂದ ಒಂದು ವರ್ಷದೊಳಗೆ ಅಥವಾ 2026ರ ಜೂನ್ 30ರೊಳಗೆ, ಎರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ನವೀಕರಣ ಮುಗಿಸಬೇಕು. ಗಡುವಿಗೆ ಮುಂಚೆ ಕನಿಷ್ಠ ಮೂರು ಸಲ ತಿಳಿಸಬೇಕು, ಗಡುವು ಮೀರಿದ ಮೇಲೆ ಮತ್ತೆ ಕನಿಷ್ಠ ಮೂರು ಸಲ, ಎರಡರಲ್ಲೂ ಒಂದಾದರೂ ಪತ್ರ ಇರಲೇಬೇಕು. ಅಜ್ಜಿ ಈ ತಿದ್ದುಪಡಿ ಆದಮೇಲೆ ಬಂದಿದ್ದರೆ ಅವರ 6,000 ರೂಪಾಯಿ ನಿಲ್ಲುವಂತೆಯೇ ಇರಲಿಲ್ಲ. ಮೊದಲ ಸ್ಲೈಡಿನಲ್ಲಿ "ಯಾವ ಅಪಾಯದ ಗುಂಪು" ಅನ್ನೋದು ಈಗ ಎರಡು ಪಟ್ಟು ಮುಖ್ಯ ಆಯಿತು, ಯಾಕೆಂದರೆ ಅದನ್ನು ನೋಡದೆ ದುಡ್ಡು ಕೊಡಲ್ಲ ಅಂದರೆ ಅದು ನಮ್ಮ ಕಡೆಯಿಂದ ನಿಯಮ ಮುರಿದ ಹಾಗೆ.

ಅದೇ ತಿದ್ದುಪಡಿಯಲ್ಲಿ, ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರಿಗೂ ದಾರಿ ತೆರೆಯಿತು. ಏನೂ ಬದಲಾಗಿಲ್ಲ ಅನ್ನುವ ಘೋಷಣೆ, ವಿಳಾಸ ಮಾತ್ರ ಬದಲಾದ ಘೋಷಣೆ, ಇವೆರಡನ್ನೂ ಅವರು ಹಳ್ಳಿಯಲ್ಲೇ ತೆಗೆದುಕೊಂಡು ಸ್ವೀಕೃತಿ ಕೊಡಬಹುದು. ಕೊನೆಯ ಹೊಣೆ ಮಾತ್ರ ಬ್ಯಾಂಕಿನದೇ. ಹಾಗಾಗಿ ಮೂರರಿಂದ ಆರರವರೆಗಿನ ಸ್ಲೈಡುಗಳನ್ನು ಬೇರೆ ಮಾಡಿ, ಒಂದು ಹಾಳೆಯ ಎರಡು ಕಡೆ ಮುದ್ರಿಸಿ, ಜಗಳೂರು ಕಡೆಯ ಬ್ಯಾಂಕ್ ಮಿತ್ರರಿಗೂ ಕೊಟ್ಟೆವು. ಅವರಲ್ಲೊಬ್ಬರು ನಾನು ಯೋಚಿಸದ ಪ್ರಶ್ನೆ ಕೇಳಿದರು: "ಸರ್, ಫೋನ್ ಮಾಡಿ ಕೆವೈಸಿ ಅಂದ ಕೂಡಲೇ ಜನ ಇಟ್ಟುಬಿಡ್ತಾರೆ, ಮೋಸದ ಕಾಲ್ ಅಂತ. ಏನು ಹೇಳಬೇಕು?" ಜನ ಇಡೋದೇ ಸರಿ. ಅವರಿಗೆ ಹೇಳಿದ್ದು ಇಷ್ಟು: ಫೋನಿನಲ್ಲಿ ಏನೂ ಕೇಳಬೇಡಿ, ಒಟಿಪಿ ಅಂತೂ ಯಾವತ್ತೂ ಬೇಡ, ಲಿಂಕ್ ಕಳಿಸಬೇಡಿ. "ಪಾಸ್‌ಬುಕ್ ತಗೊಂಡು ನಮ್ಮ ಬ್ಯಾಂಕಿನ ಯಾವ ಶಾಖೆಗಾದರೂ ಬನ್ನಿ, ಇಲ್ಲವೇ ಪಂಚಾಯ್ತಿ ಹತ್ತಿರ ನಾನಿರ್ತೀನಿ" ಅಂತ ಹೇಳಿ ಇಟ್ಟುಬಿಡಿ. ಆ ಸಾಲು ಈಗ ಹಾಳೆಯ ಮೇಲ್ಗಡೆ ಇದೆ.

ಉಳಿದ ಒಂದು ಸಮಸ್ಯೆ ಸ್ಲೈಡಿನಿಂದ ತೀರುವಂಥದ್ದಲ್ಲ, ಹಳೇ ವಿಳಾಸಕ್ಕೆ ಹೋಗುವ ಪತ್ರ. ಅಂಚೆಯಿಂದ ವಾಪಸ್ ಬಂದ ಲಕೋಟೆಗಳನ್ನು ಮುಂಚೆ ಕಟ್ಟು ಕಟ್ಟಿ ಬೀರುವಿನಲ್ಲಿ ಇಡುತ್ತಿದ್ದೆವು. ಈಗ ಪ್ರತಿ ಶುಕ್ರವಾರ ಆ ಹುಡುಗಿಯೇ, 11ನೇ ಸ್ಲೈಡನ್ನು ಅಂಟಿಸಿಕೊಂಡಿದ್ದವಳು, ಅವನ್ನು ತೆಗೆದು ಒಂದೊಂದು ಖಾತೆಯ ಸ್ಕ್ಯಾನ್ ತೆರೆಯುತ್ತಾಳೆ. ವೋಟರ್ ಐಡಿಯಲ್ಲಿ ಯಾವ ಊರು ಇದೆ ಅಂತ ನೋಡಿ, ಆ ಊರಿನ ಬ್ಯಾಂಕ್ ಮಿತ್ರರಿಗೆ ಪಟ್ಟಿ ಮಾಡಿ ಕಳಿಸುತ್ತಾಳೆ. ಕೆಲವರು ಸಿಗುತ್ತಾರೆ. ಕೆಲವರು ಬೆಂಗಳೂರಿಗೆ ದುಡಿಯೋಕೆ ಹೋಗಿರುತ್ತಾರೆ, ಹಬ್ಬಕ್ಕೆ ಬಂದಾಗ ಹೇಳ್ತೀವಿ ಅಂತ ಮನೆಯವರು ಹೇಳುತ್ತಾರೆ. ಅವರ ಹೆಸರಿನ ಮುಂದೆ ಅವಳು ಪೆನ್ಸಿಲಿನಲ್ಲಿ "ದೀಪಾವಳಿ" ಅಂತ ಬರೆದುಕೊಳ್ಳುತ್ತಾಳೆ.